ಪದ ಪರಿಚಯ: ವಾರಂಟಿ

ವಾರಂಟಿ, ಗ್ಯಾರಂಟಿ ಎರಡೂ ಹಳೆಯ ಫ್ರೆಂಚಿನ ಒಂದೇ ಬೇರಿನ ಪದಗಳು. ನಮ್ಮ ‘ಖಾತರಿ’ ಬಂದದ್ದು ಅರಬ್ಬಿಯ ‘ಖಾತಿರ್’ನಿಂದ, ಅಲ್ಲಿ ಅದಕ್ಕೆ ಮನಸ್ಸು ಎಂದರ್ಥ. ಎಲೆಕ್ಟ್ರಿಕ್ ಕಾರಿನ ಬ್ಯಾಟರಿಯ ವಾರಂಟಿಯನ್ನು ಮಾತ್ರ ಮನಸ್ಸಿಗೆ ತೋಚಿದಂತೆ ಓದುವ ಹಾಗಿಲ್ಲ.

‘8 ವರ್ಷ ಅಥವಾ 1,60,000 ಕಿ.ಮೀ.’ ಎಂದಿದ್ದರೆ, ಯಾವುದು ಮೊದಲೋ ಅದಕ್ಕೇ ಮುಕ್ತಾಯ. ವರ್ಷಕ್ಕೆ 32,000 ಕಿ.ಮೀ. ಓಡುವ ಟ್ಯಾಕ್ಸಿಗೆ ಅದು ಐದೇ ವರ್ಷ.

ಇನ್ನು ಸಾಮರ್ಥ್ಯದ ಮಿತಿ. ಹೆಚ್ಚಿನ ಕಡೆ ಅದು ಶೇ. 70. ಹೊಸದರಲ್ಲಿ 40 ಯೂನಿಟ್ ಹಿಡಿಯುತ್ತಿದ್ದ ಬ್ಯಾಟರಿ 30ಕ್ಕೆ ಇಳಿದರೂ ಶೇ. 75 ಉಳಿದಿದೆ, ಅದು ಸಹಜ ಸವೆತ, ಕ್ಲೇಮ್ ಸಿಗದು. 28ಕ್ಕಿಂತ ಕೆಳಗಿಳಿದರೆ ಮಾತ್ರ ಹಕ್ಕು. ಡ್ಯಾಶ್‌ಬೋರ್ಡ್ ತೋರಿಸುವ ಮೈಲೇಜ್ ಇದಕ್ಕೆ ಪುರಾವೆಯಲ್ಲ, ಏಸಿ, ವೇಗ, ಚಳಿಗೆ ಅದು ಏರಿಳಿಯುತ್ತದೆ. ಸರ್ವಿಸ್ ಸೆಂಟರ್‌ನವರು ಅಳೆದ ಬ್ಯಾಟರಿ ಆರೋಗ್ಯದ ಅಂಕಿಯೇ ಲೆಕ್ಕಕ್ಕೆ ಬರುವುದು.

ಸೆಲ್ ಅಥವಾ ಮಾಡ್ಯೂಲ್ ತಯಾರಿಕೆಯ ದೋಷದಿಂದ ಕೆಟ್ಟರೆ ವಾರಂಟಿ ಉಂಟು. ನೆರೆನೀರು ನುಗ್ಗಿದ್ದು, ಹಂಪ್‌ಗೆ ತಳ ಬಡಿದದ್ದು ವಿಮೆಗೆ ಸೇರಿದ ವಿಷಯ. ದುರಸ್ತಿಯಾದರೂ ಹೊಸ ಬ್ಯಾಟರಿಯೇ ಬರಬೇಕೆಂದಿಲ್ಲ. ಕೆಟ್ಟ ಮಾಡ್ಯೂಲನ್ನಷ್ಟೇ ಬದಲಿಸಬಹುದು. ಪ್ರತಿ ಸರ್ವಿಸ್‌ನಲ್ಲೂ ಆರೋಗ್ಯದ ವರದಿಯನ್ನು ಬರಹದಲ್ಲಿ ಕೇಳಿ ಪಡೆಯಿರಿ.