ಪಾದ ಮುರಿಯುವ ಎಡೆ: ಪದ್ಯ ಮತ್ತು ನಾಟಕಗಳ ಉದ್ಧರಣೆಯ ಚರಿತ್ರೆಯಿಂದ

ವನದುರ್ಗ, ಶಹಾಪುರ, ಸುರಪುರಗಳ ಸೀಮೆಯಲ್ಲಿ ಲಕ್ಷ್ಮೀಶನ ಹೆಸರೆತ್ತಿದರೆ ಒಂದು ಹಳೆಯ ವಿವಾದ ಎದ್ದು ನಿಲ್ಲುತ್ತದೆ. ‘ಜೈಮಿನಿ ಭಾರತ’ದಲ್ಲಿ ಮತ್ತೆ ಮತ್ತೆ ಬರುವ ದೇವಪುರ ಯಾವುದು? ಕಡೂರು ಸೀಮೆಯ ದೇವನೂರು ಎನ್ನುವವರು ಹೆಚ್ಚು. ಸುರಪುರದ ಬಳಿಯ ದೇವಾಪುರವೇ ಅದು ಎಂಬ ವಾದವೂ ಉಂಟು. ಈ ಲೇಖನ ಆ ವಿವಾದವನ್ನು ತೀರ್ಮಾನಿಸುವುದಿಲ್ಲ. ಆದರೆ ಎರಡು ಪಕ್ಷಗಳೂ ಸಾಕ್ಷಿಗೆ ಕರೆಯಬೇಕಾದದ್ದು ಕಾವ್ಯದ ಪದ್ಯಗಳನ್ನೇ. ಪದ್ಯವನ್ನು ತಪ್ಪಾಗಿ ಇಳಿಸಿಕೊಂಡರೆ ಸಾಕ್ಷಿಯ ಮಾತೇ ಬದಲಾಗುತ್ತದೆ. ಹಾಗೆ ತಪ್ಪದಂತೆ ಇಳಿಸಿಕೊಳ್ಳುವ ಕ್ರಮವನ್ನು ಕನ್ನಡದಲ್ಲಿ ನೆಲೆಗೊಳಿಸಿದವರಲ್ಲಿ ನಮ್ಮ ಮಿಷನರಿ ಪೂರ್ವಿಕರಿಗೂ ಪಾಲಿದೆ.

ತಾಳೆಗರಿಯಲ್ಲಿ ಪದ್ಯಕ್ಕೆ ಪ್ರತ್ಯೇಕ ಸಾಲುಗಳಿಲ್ಲ. ಗರಿಯ ಅಗಲ ಮುಗಿಯುವವರೆಗೆ ಅಕ್ಷರಗಳು ಒಂದೇ ಸಮನೆ ಓಡುತ್ತವೆ. ಪದ್ಯ ಮುಗಿದ ಕಡೆ ಎರಡು ಗೀಟು, ಒಂದು ಸಂಖ್ಯೆ. ಷಟ್ಪದಿಯ ಆರು ಪಾದಗಳನ್ನು ಕಾಣಬೇಕಾದದ್ದು ಓದುಗನ ಕಿವಿ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಮೋಗ್ಲಿಂಗನು ಕಾಸಮೇಜರನ ಧನಸಹಾಯದಿಂದ ‘ಬಿಬ್ಲಿಯೋಥೆಕಾ ಕರ್ನಾಟಿಕಾ’ ಮಾಲೆಯಲ್ಲಿ ಜೈಮಿನಿ ಭಾರತವನ್ನೂ ಬಸವಪುರಾಣವನ್ನೂ ಕಲ್ಲಚ್ಚಿನಲ್ಲಿ ಹೊರತಂದನು. ಬೆಂಗಳೂರಿನಲ್ಲಿ ವೆಸ್ಲಿಯನ್ ಮಿಷನಿನ ಸ್ಯಾಂಡರ್‌ಸನ್ 1852ರಲ್ಲಿ ಜೈಮಿನಿಯನ್ನು ಅನುವಾದ, ಟಿಪ್ಪಣಿಗಳೊಡನೆ ಪ್ರಕಟಿಸಿದನು. ಹೀಗೆ ಒಂದೇ ಕಾವ್ಯ ಗರಿಯಲ್ಲಿ, ಕಲ್ಲಚ್ಚಿನಲ್ಲಿ, ಮೊಳೆಯಚ್ಚಿನಲ್ಲಿ ಬೇರೆ ಬೇರೆ ಪುಟಗಳಲ್ಲಿ ಕೂತಿತು. ಪುಟಸಂಖ್ಯೆ ಒಂದು ಪ್ರತಿಗೆ ಮಾತ್ರ ಸಲ್ಲುವ ವಿಳಾಸವಾಯಿತು. ಸಂಧಿ ಮತ್ತು ಪದ್ಯದ ಸಂಖ್ಯೆಯಾದರೋ ಎಲ್ಲ ಪ್ರತಿಗಳಿಗೂ ಸಮಾನವಾದದ್ದು. ಕಿಟೆಲ್ 1894ರ ತನ್ನ ನಿಘಂಟಿನಲ್ಲಿ ಹಿಡಿದದ್ದು ಈ ದಾರಿಯನ್ನೇ: ಶಬ್ದದ ಪ್ರಯೋಗಕ್ಕೆ ಆಧಾರವಾಗಿ ಕೃತಿಯ ಹೆಸರಿನ ಮೊದಲಕ್ಷರ, ಬಳಿಕ ಸಂಧಿ, ಬಳಿಕ ಪದ್ಯ. ವೇದಪುಸ್ತಕವನ್ನು ಅಧ್ಯಾಯ, ವಚನಗಳಿಂದ ಗುರುತಿಸಿ ಬೆಳೆದವನಿಗೆ ಇದು ಸಹಜವಾಗಿಯೇ ತೋರಿರಬೇಕು. ಒಂದು ಮಿತಿಯನ್ನು ಮರೆಯಬಾರದು. ಒಂದು ಪ್ರತಿಯಲ್ಲಿ ಒಂದು ಪದ್ಯ ಹೆಚ್ಚಾಗಿ ಸೇರಿದ್ದರೆ ಅಲ್ಲಿಂದ ಮುಂದಿನ ಸಂಖ್ಯೆಗಳೆಲ್ಲ ಒಂದೊಂದು ಸರಿಯುತ್ತವೆ. ಆದುದರಿಂದ ಯಾವ ಪ್ರತಿಯನ್ನು ನೋಡಿದ್ದೆಂದು ಮೊದಲ ಉಲ್ಲೇಖದಲ್ಲಿ ಹೇಳಲೇಬೇಕು.

ಪಾದದ ಪ್ರಶ್ನೆ ಇದಕ್ಕಿಂತ ಸೂಕ್ಷ್ಮವಾದದ್ದು. ಕನ್ನಡ ಕವಿ ಪಾದದ ಕೊನೆಯಲ್ಲಿ ಶಬ್ದವನ್ನು ಮುಗಿಸಲೇಬೇಕೆಂಬ ಕಟ್ಟಿಗೆ ಒಳಪಟ್ಟವನಲ್ಲ. ಶಬ್ದದ ಅರ್ಧ ಈ ಪಾದದಲ್ಲಿ, ಇನ್ನರ್ಧ ಮುಂದಿನ ಪಾದದಲ್ಲಿ ನಿಲ್ಲುವುದು ಷಟ್ಪದಿಯಲ್ಲಿ ನಿತ್ಯದ ಮಾತು. ಲಕ್ಷ್ಮೀಶನ ವಾರ್ಧಕ ದೀರ್ಘವಾದುದರಿಂದ ಭಾಮಿನಿಯ ಒಂದು ಅರ್ಧಪದ್ಯವನ್ನು ತೆಗೆದುಕೊಳ್ಳೋಣ. ಇದು ಯಾವ ಕಾವ್ಯದ್ದೂ ಅಲ್ಲ. ಲೆಕ್ಕ ತೋರಿಸುವುದಕ್ಕಾಗಿ, ಮಾರ್ಕನ ಸುವಾರ್ತೆಯ ಬಿರುಗಾಳಿಯ ಪ್ರಸಂಗವನ್ನು ನೆನೆದು ನಾನೇ ಹೆಣೆದದ್ದು, ಕಾವ್ಯಗುಣವನ್ನು ಇದರಲ್ಲಿ ಹುಡುಕಬೇಕಾಗಿಲ್ಲ.

ಬಿಡದೆ ಗಾಳಿಯು ಬೀಸೆ ದೋಣಿಗ
ರೊಡೆಯನನು ಕೂಗಿದರು ಭಯದಲಿ
ಕಡಲ ತೆರೆಗಳು ದೋಣಿಯೊಳಗಡೆ ನುಗ್ಗಿ ಬರುತಿರಲು

ಮೊದಲೆರಡು ಪಾದಗಳಲ್ಲಿ ಮೂರು, ನಾಲ್ಕು, ಮೂರು, ನಾಲ್ಕರಂತೆ 14 ಮಾತ್ರೆಗಳು. ಮೂರನೆಯದರಲ್ಲಿ 21 ಮಾತ್ರೆಗಳ ಮೇಲೆ ಒಂದು ಗುರು, ಒಟ್ಟು 23. ಕೊನೆಯ ‘ಲು’ ಲಘುವಾದರೂ ಪಾದಾಂತದಲ್ಲಿ ಗುರುವೆಂದೇ ಎಣಿಕೆ. ಮೂರು ಪಾದಗಳ ಎರಡನೆಯ ಅಕ್ಷರದಲ್ಲಿಯೂ ಡಕಾರ ಬಂದಿದೆ: ಬಿಡದೆ, ರೊಡೆಯ, ಕಡಲ. ಇದೇ ಆದಿಪ್ರಾಸ.

ಈಗ ಅವಸರದ ಲೇಖಕನೊಬ್ಬ ಇದನ್ನು ತನ್ನ ಗದ್ಯದೊಳಗೆ ಸೇರಿಸುತ್ತಾನೆನ್ನಿ. ‘ದೋಣಿಗ’ ಎಂಬಲ್ಲಿ ಶಬ್ದ ಮುರಿದಿರುವುದು ಅಚ್ಚಿನ ದೋಷವೆಂದು ಬಗೆದು ‘ರೊಡೆಯನನು’ ಎಂಬುದನ್ನು ಮೇಲಕ್ಕೆ ಒಯ್ಯುತ್ತಾನೆ. ಮೊದಲ ಪಾದಕ್ಕೆ 19 ಮಾತ್ರೆ, ಎರಡನೆಯದಕ್ಕೆ 9. ಪ್ರಾಸದ ಎಡೆಯಲ್ಲಿ ‘ಕೂಗಿದರು’ ಶಬ್ದದ ಗಕಾರ ಬಂದು ಕೂರುತ್ತದೆ. ಈ ತಪ್ಪು ಬೇಗ ಸಿಕ್ಕಿಬೀಳುತ್ತದೆ. ಹೆಚ್ಚು ಮೋಸಮಾಡುವುದು ಇನ್ನೊಂದು: ಸಂಧಿಯನ್ನು ಬಿಡಿಸಿ ‘ದೋಣಿಗರು’ ಎಂದು ಮೊದಲ ಪಾದವನ್ನು ಮುಗಿಸಿ, ಎರಡನೆಯದನ್ನು ‘ಒಡೆಯನನು’ ಎಂದು ತೊಡಗುವುದು. ಪ್ರಾಸ ಉಳಿಯಿತು, ಅರ್ಥ ತಿಳಿಯಾಯಿತು, ಕಣ್ಣಿಗೆ ಎಲ್ಲವೂ ಸರಿ. ಆದರೆ ಮೊದಲ ಪಾದ 15 ಮಾತ್ರೆಯಾಯಿತು. ಕವಿ ಬರೆಯದ ಒಂದು ಅಕ್ಷರ ಒಳಗೆ ಸೇರಿತು. ಪ್ರಾಸವೊಂದನ್ನೇ ನೋಡಿ ತೃಪ್ತಿಪಟ್ಟರೆ ಇದು ತಿಳಿಯದು, ಮಾತ್ರೆಯನ್ನೂ ಎಣಿಸಬೇಕು. ನಾಗವರ್ಮನ ‘ಛಂದೋಂಬುಧಿ’ಯನ್ನು 1875ರಲ್ಲಿ ಮಂಗಳೂರಿನಲ್ಲಿ ಅಚ್ಚುಹಾಕಿಸಿದ ಕಿಟೆಲನ ಶ್ರಮ ಕೇವಲ ಪಾಂಡಿತ್ಯದ ಹಂಬಲವಾಗಿರಲಿಲ್ಲವೆಂದು ಇಲ್ಲಿ ಅರಿವಾಗುತ್ತದೆ.

ನನ್ನ ಅಭಿಪ್ರಾಯದಲ್ಲಿ ಮೂರು ಪಾದ ಅಥವಾ ಹೆಚ್ಚಿದ್ದರೆ ಪದ್ಯವನ್ನು ಬೇರೆಯಾಗಿ, ಮೂಲದಂತೆ ಪಾದಕ್ಕೊಂದು ಸಾಲಾಗಿ ಇಡುವುದೇ ಲೇಸು. ಒಂದೆರಡು ಪಾದಗಳು ಗದ್ಯದೊಳಗೆ ಬರುವಾಗ ಪಾದಾಂತಕ್ಕೆ ಓರೆಗೆರೆ ಸಾಕು. ಶಬ್ದ ಮುಗಿದಿದ್ದರೆ ಗೆರೆಯ ಎರಡು ಬದಿಗೂ ತೆರವು ಬಿಡಬೇಕು. ಶಬ್ದ ಮುರಿದಿದ್ದರೆ ‘ದೋಣಿಗ/ರೊಡೆಯನನು’ ಎಂಬಂತೆ ತೆರವಿಲ್ಲದೆ ಕೂಡಿಸಬೇಕು. ಉಲ್ಲೇಖದಲ್ಲಿ ಸಂಧಿ, ಪದ್ಯ, ಅಗತ್ಯವಿದ್ದರೆ ಪಾದ. ಚಂಪೂಕಾವ್ಯದಲ್ಲಿ ಸಂಧಿಯ ಎಡೆಗೆ ಆಶ್ವಾಸ ಬರುತ್ತದೆ. ನಡುವಣ ಗದ್ಯಕ್ಕೆ ಅದರ ಹಿಂದಿನ ಪದ್ಯದ ಸಂಖ್ಯೆಯನ್ನು ಕೊಟ್ಟು ‘ವ’ ಎಂದು ಸೇರಿಸುವುದು ವಾಡಿಕೆ.

ಸಂಧಿ ಬಿಡಿಸಿ ಛಂದಸ್ಸನ್ನು ಕೆಡಿಸುವ ಈ ದೋಷ ಕನ್ನಡಕ್ಕೆ ಮಾತ್ರ ಸೇರಿದ್ದಲ್ಲ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದಲ್ಲಿ (15:33) ದುಸ್ಸಹವಾಸವನ್ನು ಕುರಿತು ಪೌಲನು ಆಡುವ ಮಾತು ಗ್ರೀಕ್ ನಾಟಕದ ಒಂದು ಸಾಲು. ಮೆನಾಂಡರನ ‘ಥಾಯಿಸ್’ ನಾಟಕದ್ದೆಂದು ಪರಂಪರೆ ಹೇಳುತ್ತದೆ. ಛಂದಸ್ಸಿಗೆ ಅಲ್ಲಿ ಒಂದು ಸ್ವರ ಲೋಪವಾಗಬೇಕು. ಪತ್ರದ ಇಂದಿನ ಸಂಪಾದಿತ ಗ್ರೀಕ್ ಪಾಠದಲ್ಲಿ ಶಬ್ದ ಲೋಪವಿಲ್ಲದೆ ಪೂರ್ಣವಾಗಿ ನಿಂತಿದೆ, ಸಾಲು ಓದಿದಾಗ ಕುಂಟುತ್ತದೆ. ಅಪೊಸ್ತಲನಿಗೆ ಅದು ಗಾದೆಯಾಗಿ ಬಾಯಿಗೆ ಬಂದಿತೇ, ಪುಸ್ತಕದಿಂದ ಬಂದಿತೇ ಎಂಬ ಚರ್ಚೆಯಲ್ಲಿ ಈ ಒಂದು ಸ್ವರವೂ ಸಾಕ್ಷಿಯ ಕಟ್ಟೆ ಹತ್ತುತ್ತದೆ. ಅಲ್ಲಿ ಅಂಕವನ್ನಾಗಲಿ ದೃಶ್ಯವನ್ನಾಗಲಿ ಹೇಳುವಂತಿಲ್ಲ. ನಾಟಕವೇ ನಷ್ಟವಾಗಿದೆ, ಉಳಿದಿರುವುದು ತುಣುಕುಗಳು, ಅವುಗಳನ್ನು ಕೂಡಿಸಿದ ಸಂಪಾದಕರು ಕೊಟ್ಟ ಸಂಖ್ಯೆಗಳು. ಅಪೊಸ್ತಲರ ಕೃತ್ಯಗಳಲ್ಲಿ (17:28) ಬರುವ ಅರಾಟಸನ ಮಾತಿನ ಸ್ಥಿತಿ ಬೇರೆ. ಆ ಕಾವ್ಯ ಪೂರ್ಣವಾಗಿ ಉಳಿದಿರುವುದರಿಂದ ‘ಫೈನೊಮೆನಾ’, ಸಾಲು 5 ಎಂದು ಬೆರಳಿಟ್ಟು ತೋರಿಸಬಹುದು.

ನಾಟಕವನ್ನು ಉಲ್ಲೇಖಿಸುವಾಗ ಅದರ ಕಟ್ಟಡವನ್ನು ಮೊದಲು ನೋಡಬೇಕು. ಷೇಕ್ಸ್‌ಪಿಯರನಿಗೆ ಅಂಕ, ದೃಶ್ಯ, ಸಾಲು ಮೂರೂ ಸಲ್ಲುತ್ತವೆ. ಗ್ರೀಕ್ ದುರಂತನಾಟಕಕ್ಕೆ ಆರಂಭದಿಂದ ಎಣಿಸಿದ ಸಾಲು ಮಾತ್ರ. ಕಾಳಿದಾಸನ ‘ಶಾಕುಂತಲ’ದಲ್ಲಿ ಏಳು ಅಂಕಗಳುಂಟು, ದೃಶ್ಯಗಳಿಲ್ಲ, ಅಂಕ ಮತ್ತು ಶ್ಲೋಕದ ಸಂಖ್ಯೆಯೇ ಅದರ ವಿಳಾಸ. ಇಲ್ಲದ ದೃಶ್ಯವನ್ನು ಒಂದು ಮಾದರಿಯ ಹಟಕ್ಕಾಗಿ ಹುಟ್ಟಿಸಿ ಬರೆದ ಉಲ್ಲೇಖಗಳನ್ನು ನಾನು ಕಂಡಿದ್ದೇನೆ. ಗದ್ಯನಾಟಕದಲ್ಲಿ ಸಾಲಿನ ಸಂಖ್ಯೆ ವ್ಯರ್ಥ, ಏಕೆಂದರೆ ಅಚ್ಚು ಬದಲಾದರೆ ಸಾಲೂ ಬದಲಾಗುತ್ತದೆ; ಅಲ್ಲಿ ಅಂಕ, ದೃಶ್ಯಗಳ ಜೊತೆಗೆ ಆವೃತ್ತಿಯ ಪುಟವನ್ನು ಹೇಳಬೇಕು.

ಪದ್ಯನಾಟಕದಲ್ಲಿ ಒಂದೇ ಪಾದವನ್ನು ಇಬ್ಬರು ಪಾತ್ರಗಳು ಹಂಚಿಕೊಂಡು ಆಡುವುದುಂಟು. ಒಬ್ಬನ ಮಾತು ನಡುವಿನಲ್ಲಿ ನಿಲ್ಲುತ್ತದೆ, ಇನ್ನೊಬ್ಬನು ಉಳಿದ ಮಾತ್ರೆಗಳನ್ನು ತುಂಬುತ್ತಾನೆ. ಅಚ್ಚಿನಲ್ಲಿ ಎರಡನೆಯವನ ಮಾತನ್ನು ಕೆಳಗಿನ ಸಾಲಿನಲ್ಲಿ, ಮೊದಲನೆಯವನದು ಮುಗಿದ ಎಡೆಯ ನೇರಕ್ಕೆ ಸರಿಸಿ ಇಡುತ್ತಾರೆ. ಕಣ್ಣಿಗೆ ಎರಡು ಸಾಲು, ಎಣಿಕೆಗೆ ಒಂದೇ. ಉದ್ಧರಿಸುವವನು ಆ ತೆರವನ್ನು ಅಳಿಸಿ ಎರಡನ್ನೂ ಎಡದ ಅಂಚಿಗೆ ಎಳೆದರೆ ಮುಂದಿನ ಸಾಲುಗಳ ಸಂಖ್ಯೆಯೆಲ್ಲ ಒಂದು ಹೆಚ್ಚುತ್ತದೆ. ಜೊತೆಗೆ, ಮಾತಿಗೆ ಮಾತು ತಡೆಯಿಲ್ಲದೆ ತಾಗಿದ ಕಡೆಯಲ್ಲಿ ಓದುಗನಿಗೆ ಮೌನವೊಂದು ಕೇಳಿಸತೊಡಗುತ್ತದೆ.