ಮಡಿಕೆಯಲ್ಲಿ ಅಳಿಸಿದ ಎರಡಕ್ಷರ

ಯಲ್ದೂರು ಕಡೆಯ ಪರಿಚಯಸ್ಥರೊಬ್ಬರು ತಾತನ ಪೆಟ್ಟಿಗೆಯಲ್ಲಿದ್ದ ಹಳೇ ಚೀಟಿಯೊಂದರ ಫೋಟೋ ವಾಟ್ಸಾಪ್‌ನಲ್ಲಿ ಕಳಿಸಿದ್ದರು. ನಮ್ಮ ಸೀಮೆಯಲ್ಲಿ ಮನೆಮಾತು ತೆಲುಗಾದವರು ಬಹಳ. ಚೀಟಿಯೂ ತೆಲುಗು. ಕನ್ನಡಕ್ಕೆ ಮಾಡಿಕೊಡಿ ಎಂದರು. ಅವರಿಗೆ ಬೇಕಾದದ್ದು ಒಂದೇ: ತಾತ ಹೊಲ ಮಾರಿದ್ದರೋ, ಭೋಗ್ಯಕ್ಕೆ ಹಾಕಿದ್ದರೋ?

ಆ ಪದವೇ ಕಾಗದದ ಮಡಿಕೆಯಲ್ಲಿ ಸವೆದಿತ್ತು. ಕಾಣುತ್ತಿದ್ದದ್ದು ಕೊನೆಯ ಸೊನ್ನೆ ಮಾತ್ರ. ತೆಲುಗಿನಲ್ಲಿ 'ಕ್ರಯಂ' ಎಂದರೂ 'ಭೋಗ್ಯಂ' ಎಂದರೂ ಎರಡೇ ಅಕ್ಷರ, ಎರಡಕ್ಕೂ ಕೊನೆಗೆ ಸೊನ್ನೆ. ಜಾಗ ಅಳೆದು ಹೇಳುವಂತಿರಲಿಲ್ಲ.

ಫ್ಲಾಶ್ ಹಾಕದೆ, ಕಿಟಕಿಯ ಪಕ್ಕ ಇಟ್ಟು, ಬೆಳಕು ಓರೆಯಾಗಿ ಬೀಳುವಂತೆ ಮತ್ತೊಂದು ಫೋಟೋ ತೆಗೆಸಿದೆವು. ಆಗ ಸಾಲಿನ ಕೆಳಗೆ ಒಂದು ಒತ್ತಕ್ಷರದ ಬಾಲ ಕಂಡಿತು. 'ಕ್ರಯಂ'ನಲ್ಲಿ ಒತ್ತು ಬರುವುದು ಮೊದಲ ಅಕ್ಷರಕ್ಕೆ, 'ಭೋಗ್ಯಂ'ನಲ್ಲಿ ಎರಡನೆಯದಕ್ಕೆ. ಬಾಲ ಇದ್ದದ್ದು ಸೊನ್ನೆಯ ಹತ್ತಿರ. ಹಾಗಾಗಿ ಭೋಗ್ಯವೇ ಇರಬೇಕು. ಆದರೆ ಅದು ಮಸಿಯ ಕಲೆಯೂ ಆಗಿರಬಹುದಲ್ಲ? ಅದಕ್ಕೇ ಪ್ರಶ್ನೆ ಚಿಹ್ನೆ ಉಳಿಸಿದೆವು.

ಇಸವಿಯಲ್ಲೂ ಒಂದು ಅಂಕಿ ಹೋಗಿತ್ತು: 19, ಆಮೇಲೆ ತೂತು, ಆಮೇಲೆ 2. ಸಂವತ್ಸರ ಮಾತ್ರ ಸ್ಪಷ್ಟವಾಗಿ 'ದುಂದುಭಿ'. ಸಂವತ್ಸರ ತಿರುಗಿ ಬರುವುದು 60 ವರ್ಷಕ್ಕೊಮ್ಮೆ. ಕಳೆದ ಶತಮಾನದಲ್ಲಿ ದುಂದುಭಿ ಬಂದದ್ದು 1922ರಲ್ಲಿ ಮತ್ತು 1982ರಲ್ಲಿ. ಚೀಟಿಯಲ್ಲಿ ಆಣೆಯ ಲೆಕ್ಕ ಇದೆ. 1957ರ ಏಪ್ರಿಲ್‌ನಲ್ಲಿ ನಯಾಪೈಸೆ ಬಂದು ಆಣೆಯ ಲೆಕ್ಕ ಹೋಯಿತು. ಹಾಗಾಗಿ 1922. ಈ ನಡುವಿನ 2 ನಾವು ಓದಿದ್ದಲ್ಲ, ಲೆಕ್ಕ ಹಾಕಿ ತುಂಬಿದ್ದು.

ಕೊನೆಗೆ ಕೊಟ್ಟ ಅನುವಾದ ಹೀಗಿತ್ತು:

ದುಂದುಭಿ ಸಂವತ್ಸರ, ಜ್ಯೇಷ್ಠ ಮಾಸ, 19[2]2. ಹೊಲವನ್ನು (ಭೋಗ್ಯ?)ಕ್ಕೆ ಕೊಟ್ಟು 25 ರೂಪಾಯಿ 8 ಆಣೆ ಪಡೆದಿದ್ದೇನೆ. ಸಾಕ್ಷಿ: . . . .

ದುಂಡು ಕಂಸದಲ್ಲಿ ಪ್ರಶ್ನೆ ಚಿಹ್ನೆ ಇದ್ದರೆ, ಕಂಡಿದೆ ಆದರೆ ಖಾತ್ರಿಯಿಲ್ಲ. ಚೌಕ ಕಂಸ ಇದ್ದರೆ, ಕಾಗದದಲ್ಲಿಲ್ಲ, ನಾವು ತುಂಬಿದ್ದು. ಚುಕ್ಕಿ ಇದ್ದರೆ ಓದಲಾಗಲಿಲ್ಲ, ಒಂದು ಚುಕ್ಕಿಗೆ ಸುಮಾರು ಒಂದು ಅಕ್ಷರ. ಚುಕ್ಕಿ ನಮ್ಮ ಕಲ್ಪನೆಯಲ್ಲ. ಬಿ.ಎಲ್. ರೈಸ್ 1905ರಲ್ಲಿ ಕೋಲಾರ ಜಿಲ್ಲೆಯ ಶಾಸನಗಳನ್ನು 'ಎಪಿಗ್ರಾಫಿಯ ಕರ್ನಾಟಿಕ'ದ 10ನೇ ಸಂಪುಟವಾಗಿ ತಂದಾಗ, ಕಲ್ಲಿನಲ್ಲಿ ಅಳಿಸಿದ ಕಡೆಗೂ ಹೀಗೇ ಚುಕ್ಕಿ ಇಟ್ಟರು.

ಸಾಕ್ಷಿಯ ಹೆಸರು ತಮ್ಮ ದೊಡ್ಡಪ್ಪನದೇ ಇರಬೇಕು, ಬರೆದುಬಿಡಿ ಎಂದರು ಅವರು. ನಾವು ಬರೆಯಲಿಲ್ಲ. ಇರಬಹುದು, ಆದರೆ ಕಾಗದ ಹಾಗೆ ಹೇಳುತ್ತಿಲ್ಲ. ನಾಳೆ ಈ ಅನುವಾದ ಪಂಚಾಯ್ತಿಗೆ ಬಂದರೆ, ನಮ್ಮ ಊಹೆ ತಾತನ ಮಾತಾಗಿಬಿಡುತ್ತದೆ. ಅನುವಾದದ ಜೊತೆಗೆ ಎರಡೂ ಫೋಟೋ ಇಟ್ಟುಕೊಳ್ಳಿ, ಮೂಲ ಚೀಟಿ ಎಸೆಯಬೇಡಿ ಎಂದು ಹೇಳಿ ಕಳಿಸಿದೆವು.