ಪನೋರಮಾದಲ್ಲಿ ಆಕಾಶ ಬದಲಾವಣೆ

ಹಲವು ಛಾಯಾಚಿತ್ರಗಳನ್ನು ಸೇರಿಸಿ ಮಾಡಿದ ಪನೋರಮಾದಿಂದ ಮೂಲ ಆಕಾಶವನ್ನು ತೆಗೆದು, ಒಂದೇ ಕ್ಷಣದಲ್ಲಿ ಹಿಡಿದ ಆಕಾಶವನ್ನು ಅದರ ಜಾಗದಲ್ಲಿ ಕೂರಿಸುವ ವಿಧಾನ. ಜೋಡಣೆಯ ಗೆರೆಗಳಲ್ಲಿ ಮೋಡಗಳು ತುಂಡಾಗದಂತೆ ನೋಡಿಕೊಳ್ಳುವುದು ಇದರ ಉದ್ದೇಶ.

ಹಿನ್ನೆಲೆ

ಆಕಾಶವನ್ನು ನೆಲದಿಂದ ಬೇರ್ಪಡಿಸುವ ಕೆಲಸ ಶುರುವಾದದ್ದು ಪನೋರಮಾಕ್ಕಾಗಿ ಅಲ್ಲ. 19ನೆಯ ಶತಮಾನದ ನೆಗೆಟಿವ್‌ಗಳು ನೀಲಿ ಬೆಳಕಿಗೆ ಅತಿಯಾಗಿ ಸ್ಪಂದಿಸುತ್ತಿದ್ದವು. ಕಟ್ಟಡ ಸರಿಯಾಗಿ ಮೂಡುವಷ್ಟು ಹೊತ್ತಿಗೆ ಆಕಾಶ ಬರಿ ಬಿಳಿಯಾಗುತ್ತಿತ್ತು. ಫ್ರಾನ್ಸಿನ ಗುಸ್ತಾವ್ ಲೆ ಗ್ರೆ 1856–57ರ ತನ್ನ ಕೆಲವು ಕಡಲ ಚಿತ್ರಗಳಲ್ಲಿ ನೀರಿಗೊಂದು, ಆಕಾಶಕ್ಕೊಂದು ನೆಗೆಟಿವ್ ಬಳಸಿ ಎರಡನ್ನೂ ದಿಗಂತದಲ್ಲಿ ಕೂಡಿಸಿದ. 1854ರಲ್ಲಿ ಬೇಲೂರು, ಹಳೇಬೀಡುಗಳ ದೇವಾಲಯಗಳನ್ನು ಚಿತ್ರಿಸಿದ ಲಿನಿಯಸ್ ಟ್ರೈಪ್ ಬೇರೆ ದಾರಿ ಹಿಡಿದ. ಮರುವರ್ಷ ಬರ್ಮಾದಲ್ಲಿ ತೆಗೆದ ಕಾಗದದ ನೆಗೆಟಿವ್‌ಗಳ ಮೇಲೆ ಅವನು ಬಣ್ಣದಿಂದ ಮೋಡಗಳನ್ನು ಬರೆದ. 1858ರಲ್ಲಿ ತಂಜಾವೂರಿನ ಬೃಹದೀಶ್ವರ ಗುಡಿಯ ಶಾಸನವನ್ನು 21 ಮುದ್ರಣಗಳ ಉದ್ದನೆಯ ಪಟ್ಟಿಯಾಗಿ ಜೋಡಿಸಿದವನೂ ಅವನೇ. ಆ ಪಟ್ಟಿಯಲ್ಲಿದ್ದದ್ದು ಅಲುಗಾಡದ ಕಲ್ಲಾದ್ದರಿಂದ ಮೋಡದ ತೊಡಕು ಅವನಿಗೆ ಎದುರಾಗಲಿಲ್ಲ.

ಕಂಪ್ಯೂಟರಿನಲ್ಲಿ ಜೋಡಣೆ ಬಂದಮೇಲೆ ಮೊದಲು ಪರಿಹಾರ ಕಂಡದ್ದು ಬೆಳಕಿನ ವ್ಯತ್ಯಾಸಕ್ಕೆ. 1983ರಲ್ಲಿ ಬರ್ಟ್ ಮತ್ತು ಆಡೆಲ್ಸನ್ ಒಂದು ಬೆರೆಸುವ ಕ್ರಮವನ್ನು ವಿವರಿಸಿದರು. ಅದರಲ್ಲಿ ಸ್ಥೂಲ ಛಾಯೆಗಳು ಅಗಲವಾಗಿಯೂ ಸೂಕ್ಷ್ಮ ವಿವರಗಳು ಕಿರಿದಾಗಿಯೂ ಬೆರೆಯುತ್ತವೆ. ಮುಂದೆ ಎನ್‌ಬ್ಲೆಂಡ್ ತಂತ್ರಾಂಶ ಇದನ್ನೇ ಪನೋರಮಾಕ್ಕೆ ತಂದಿತು. ಈ ಕ್ರಮ ಛಾಯೆಯ ಹೆಚ್ಚುಕಡಿಮೆಯನ್ನು ಅಳಿಸಬಲ್ಲದು, ಸರಿದುಹೋದ ಮೋಡವನ್ನು ಹಿಂದಕ್ಕೆ ತರಲಾರದು. ಬೆರೆಸಿದ ಜಾಗದಲ್ಲಿ ಒಂದೇ ಮೋಡ ಎರಡಾಗಿ ಮಸುಕುಮಸುಕಾಗಿ ಉಳಿಯುತ್ತದೆ.

ಮೋಡ ಮುರಿಯುವ ಬಗೆ

ಸಿಂಧನೂರು ತಾಲ್ಲೂಕಿನ ಮುಕ್ಕುಂದದ ಹೊಳೆದಂಡೆಯಲ್ಲಿ, ಮುಂಗಾರಿನ ಗಾಳಿಯಲ್ಲಿ ಸುತ್ತಲಿನ 360 ಡಿಗ್ರಿಯ ಚಿತ್ರ ತೆಗೆಯುವುದಾಗಿ ಎಣಿಸೋಣ. ಮೋಡ 1,500 ಮೀಟರ್ ಎತ್ತರದಲ್ಲಿದ್ದು ಸೆಕೆಂಡಿಗೆ 10 ಮೀಟರ್ ಸಾಗುತ್ತಿದೆ. ದಿಗಂತದಿಂದ 30 ಡಿಗ್ರಿ ಮೇಲೆ ಕಾಣುವ ಮೋಡ ನಮ್ಮಿಂದ 3,000 ಮೀಟರ್ ದೂರವಿರುತ್ತದೆ. ಒಂದು ಚಿತ್ರಕ್ಕೂ ಮುಂದಿನದಕ್ಕೂ 10 ಸೆಕೆಂಡು ಹಿಡಿದರೆ ಅಡ್ಡಲಾಗಿ ಹೋಗುವ ಮೋಡ ಸುಮಾರು 2 ಡಿಗ್ರಿ ಸರಿಯುತ್ತದೆ. ಸುತ್ತು ಮುಗಿಸಲು ಒಂದು ನಿಮಿಷ ಬೇಕಾದರೆ ಕೊನೆಯ ಚಿತ್ರ ಮೊದಲನೆಯದನ್ನು ಕೂಡುವಲ್ಲಿ ಈ ಅಂತರ 11 ಡಿಗ್ರಿಗೆ ಏರುತ್ತದೆ. 8,000 ಪಿಕ್ಸೆಲ್ ಅಗಲದ ಪನೋರಮಾದಲ್ಲಿ ಒಂದು ಡಿಗ್ರಿಗೆ 22 ಪಿಕ್ಸೆಲ್, ಅಂದರೆ ಅಲ್ಲಿ ಮೋಡ ಸುಮಾರು 250 ಪಿಕ್ಸೆಲ್ ತಪ್ಪಿ ನಿಲ್ಲುತ್ತದೆ. ಅದಕ್ಕಾಗಿಯೇ ಸುತ್ತು ಕೂಡುವ ಗೆರೆಯೇ ಎಲ್ಲಕ್ಕಿಂತ ಹೆಚ್ಚು ಎದ್ದು ಕಾಣುತ್ತದೆ.

ಬದಲಾವಣೆಯ ಕ್ರಮ

ಮೊದಲು ನೆಲದ ಚಿತ್ರಗಳನ್ನು ಜೋಡಿಸಿ ಮುಗಿಸಬೇಕು, ಆಕಾಶ ಬರುವುದು ಅದರ ನಂತರ. ಒಂದೊಂದು ಚಿತ್ರದಲ್ಲೂ ಬೇರೆಬೇರೆಯಾಗಿ ಆಕಾಶ ಬದಲಿಸಿದರೆ ಮೋಡ ಮತ್ತೆ ಗೆರೆಗಳಲ್ಲಿ ಮುರಿಯುತ್ತದೆ. 2020ರಲ್ಲಿ ಫೋಟೋಶಾಪ್‌ಗೆ ಬಂದ Sky Replacement ಆಕಾಶದ ಅಂಚನ್ನು ತಾನಾಗಿ ಗುರುತಿಸುತ್ತದೆ. ಆದರೆ ಸಾಮಾನ್ಯ ಆಕಾಶದ ಚಿತ್ರವನ್ನು ಪೂರ್ಣ ಸುತ್ತಿನ ಪನೋರಮಾಕ್ಕೆ ಹಾಕಿದರೆ ಎಡ–ಬಲ ಅಂಚುಗಳು ಕೂಡುವುದಿಲ್ಲ. ಅಂಥ ಪನೋರಮಾದ ಮೇಲಿನ ಸಾಲಿನ ಎಲ್ಲ ಪಿಕ್ಸೆಲ್‌ಗಳೂ ನೆತ್ತಿಯ ಒಂದೇ ಬಿಂದುವಾದ್ದರಿಂದ ಅಲ್ಲಿ ಮೋಡಗಳು ಒಟ್ಟಿಗೆ ಹಿಂಡಿಕೊಳ್ಳುತ್ತವೆ.

ಇದಕ್ಕೆ ಒಳ್ಳೆಯ ಉಪಾಯ ವೃತ್ತಾಕಾರದ ಫಿಶ್‌ಐ ಲೆನ್ಸ್. ಪೂರ್ಣಗಾತ್ರದ ಸಂವೇದಕದ ಕ್ಯಾಮೆರಾಕ್ಕೆ 8 ಮಿ.ಮೀ. ಫಿಶ್‌ಐ ಹಾಕಿ ನೇರ ಮೇಲಕ್ಕೆ ತಿರುಗಿಸಿದರೆ ದಿಗಂತದವರೆಗಿನ ಇಡೀ ಆಕಾಶ ಒಂದೇ ಕ್ಲಿಕ್‌ನಲ್ಲಿ ಬರುತ್ತದೆ. 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಆ ವೃತ್ತದ ವ್ಯಾಸ ಸುಮಾರು 4,000 ಪಿಕ್ಸೆಲ್, 8,000 ಪಿಕ್ಸೆಲ್‌ನ ಪನೋರಮಾಕ್ಕೆ ಅಷ್ಟೇ ಸಾಕು. ಹುಗಿನ್‌ನಂಥ ತಂತ್ರಾಂಶದಲ್ಲಿ ಇದನ್ನು ಪನೋರಮಾದ ರೂಪಕ್ಕೆ ಹರಡಿ, ನೆಲದ ಭಾಗಕ್ಕೆ ಮಾಸ್ಕ್ ಹಾಕಿ ಹಿಂದೆ ಕೂರಿಸುತ್ತಾರೆ. ಆಕಾಶವನ್ನು ಅದೇ ಟ್ರೈಪಾಡ್‌ನಿಂದ, ಅದೇ ಹೊತ್ತಿನಲ್ಲಿ ತೆಗೆದಿದ್ದರೆ ಸೂರ್ಯನ ಎತ್ತರ ನೆಲದ ನೆರಳುಗಳಿಗೆ ಹೊಂದುತ್ತದೆ. ದಿಕ್ಕು ತಪ್ಪಿದ್ದರೆ ಆಕಾಶವನ್ನು ಅಡ್ಡಲಾಗಿ ಸರಿಸಿ ತಿದ್ದಬಹುದು. ಎತ್ತರವೇ ತಪ್ಪಿದ್ದರೆ ಆ ಆಕಾಶವನ್ನು ಕೈಬಿಡಬೇಕಾಗುತ್ತದೆ.

ಪರೀಕ್ಷೆ ಮತ್ತು ಮಿತಿ

ಫೋಟೋಶಾಪ್‌ನ Filter > Other > Offset ನಲ್ಲಿ Wrap Around ಆರಿಸಿ ಚಿತ್ರವನ್ನು ಅರ್ಧ ಅಗಲದಷ್ಟು, ಅಂದರೆ 4,000 ಪಿಕ್ಸೆಲ್ ಸರಿಸಿದರೆ ಎರಡು ಅಂಚುಗಳೂ ನಡುವೆ ಬಂದು ಸೇರುತ್ತವೆ. ಮೋಡ ಅಲ್ಲಿ ತುಂಡಾಗಿದ್ದರೆ ತಕ್ಷಣ ಗೊತ್ತಾಗುತ್ತದೆ.

ನೀರಿನ ಪ್ರತಿಬಿಂಬ ಇನ್ನೊಂದು ತೊಡಕು. ಸಿಂಧನೂರು ಸೀಮೆಯ ನಾಟಿಗದ್ದೆಗಳಲ್ಲಿ ನಿಂತ ನೀರು ಹಳೆಯ ಆಕಾಶವನ್ನೇ ತೋರಿಸುತ್ತಿರುತ್ತದೆ. ನಿಶ್ಚಲ ನೀರಾದರೆ ಹೊಸ ಆಕಾಶವನ್ನು ದಿಗಂತದ ಗೆರೆಯಲ್ಲಿ ತಲೆಕೆಳಗಾಗಿಸಿ, ಸ್ವಲ್ಪ ಕಪ್ಪಾಗಿಸಿ ಹಾಕಿದರೆ ಸರಿಹೋಗುತ್ತದೆ. ತೆರೆಯೇಳುವ ಹೊಳೆಗೆ ಈ ಉಪಾಯ ಸಾಗುವುದಿಲ್ಲ. ಜಾಲಿಮರದ ಸಣ್ಣ ಎಲೆಗಳ ನಡುವೆ ಹಳೆಯ ಆಕಾಶದ ಬಿಳಿ ಚುಕ್ಕೆಗಳು ಉಳಿಯುವುದರಿಂದ ಮಾಸ್ಕ್ ಅನ್ನು ಕೈಯಿಂದಲೇ ತಿದ್ದಬೇಕಾಗುತ್ತದೆ.